ಬೇರಿಯಾಟ್ರಿಕ್ ಸರ್ಜರಿ ಆದಮೇಲೆ ಫಾಲೋಅಪ್: ರಿಪೋರ್ಟಿನ ನಂಬರ್ ಪಕ್ಕದಲ್ಲಿ ಏನು ಬರೆದಿಡಬೇಕು?

ತೂಕ ಇಳಿಸುವ ಆಪರೇಷನ್ ಆಗಿ ಒಂದು ವರ್ಷ ದಾಟಿದವರು ನನ್ನ ಹತ್ತಿರ ಬಂದಾಗ ಕೈಯಲ್ಲಿ ಸಾಮಾನ್ಯವಾಗಿ ಎರಡು ವಸ್ತು ಇರುತ್ತವೆ. ಒಂದು, ಹಳೇ ಫೋಟೋ ತೋರಿಸೋಕೆ ಫೋನು. ಇನ್ನೊಂದು, ನಾಲ್ಕಾಗಿ ಮಡಚಿದ ಲ್ಯಾಬ್ ರಿಪೋರ್ಟು. ನಾನು ಮೊದಲು ಕೇಳುವುದು ಎರಡನ್ನೂ ಅಲ್ಲ. "ಮಾತ್ರೆ ಡಬ್ಬಿ ತಂದಿದ್ದೀರಾ?" ಅಂತ ಕೇಳುತ್ತೇನೆ. ನಾನು ಡಯಟೀಷಿಯನ್. ಮಾತ್ರೆ ಬರೆದುಕೊಡುವುದು ಡಾಕ್ಟರ ಕೆಲಸ. ಆದರೆ ಬರೆದುಕೊಟ್ಟ ಮಾತ್ರೆಗೂ ಹೊಟ್ಟೆಗೆ ಹೋದ ಮಾತ್ರೆಗೂ ಎಷ್ಟು ದೂರ ಇರುತ್ತದೆ ಅನ್ನೋದನ್ನು ದಿನಾ ನೋಡುವವಳು ನಾನು.

ನಲವತ್ತೊಂದು ವರ್ಷದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಸಸ್ಯಾಹಾರಿ. ಮಿನಿ ಗ್ಯಾಸ್ಟ್ರಿಕ್ ಬೈಪಾಸ್ ಆಗಿ ಹದಿನಾರು ತಿಂಗಳು. 112 ಕೆಜಿ ಇದ್ದವರು 70ಕ್ಕೆ ಬಂದಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು, ಎರಡೂ ಪಾದದಲ್ಲಿ ಜೋಮು. ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 9.6, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 6. ಬಿ12 ಮಾತ್ರ 430, ವಿಟಮಿನ್ ಡಿ 33, ಕ್ಯಾಲ್ಸಿಯಂ ಕಾಯುವ ಹಾರ್ಮೋನು ಪಿಟಿಎಚ್ 52. "ಕಬ್ಬಿಣ ಒಂದು ಕಮ್ಮಿ ಇದೆಯಂತೆ, ಉಳಿದದ್ದೆಲ್ಲ ಸರಿ ಇದೆಯಂತೆ ಮೇಡಂ" ಅಂದರು. ಹಾಗಾದರೆ ಪಾದ ಯಾಕೆ ಜೋಮು? ಇದಕ್ಕೆ ಉತ್ತರ ರಿಪೋರ್ಟಿನಲ್ಲಿ ಇರಲಿಲ್ಲ, ಮಾತ್ರೆ ಡಬ್ಬಿಯಲ್ಲಿ ಇತ್ತು. ಅದಕ್ಕೆ ಆಮೇಲೆ ಬರೋಣ. ಮೊದಲು ಒಂದು ನೋಟ್‌ಬುಕ್ ತಗೊಳ್ಳಿ.

ಮೊದಲ ಪುಟ: ಯಾವ ಆಪರೇಷನ್?

"ಹೊಟ್ಟೆ ಆಪರೇಷನ್ ಆಗಿದೆ" ಅಂತ ಬರೆದರೆ ಸಾಲದು. ಸ್ಲೀವ್ ಅಂದರೆ ಹೊಟ್ಟೆಯ ಬಹುಪಾಲು ತೆಗೆದು ಬಾಳೆಹಣ್ಣಿನಷ್ಟು ಉಳಿಸುವುದು. ಕರುಳಿಗೆ ಕೈ ಹಾಕುವುದಿಲ್ಲ. ಬೈಪಾಸ್‌ನಲ್ಲಿ ಹೊಟ್ಟೆಯೂ ಚಿಕ್ಕದಾಗುತ್ತದೆ, ಜೊತೆಗೆ ಊಟ ಕರುಳಿನ ಮೊದಲ ಭಾಗವನ್ನು ಮುಟ್ಟದೆ ಮುಂದಕ್ಕೆ ಹೋಗುತ್ತದೆ. ಮಿನಿ ಬೈಪಾಸ್‌ನಲ್ಲಿ ಸಾಮಾನ್ಯವಾಗಿ 150ರಿಂದ 200 ಸೆಂಟಿಮೀಟರ್ ಕರುಳನ್ನು ಹೀಗೆ ದಾಟಿಸುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೆಯಾಗುವುದು ಆ ಮೊದಲ ಭಾಗದಲ್ಲೇ. ಹಾಗಾಗಿ ಆಪರೇಷನ್ ಹೆಸರು, ತಾರೀಕು, ದಾಟಿಸಿದ ಕರುಳಿನ ಉದ್ದ, ಈ ಮೂರೂ ಮೊದಲ ಪುಟದಲ್ಲಿ ಇರಲಿ. ಉದ್ದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇಲ್ಲದಿದ್ದರೆ ಆಪರೇಷನ್ ನೋಟ್ಸ್ ಕೇಳಿ ಪಡೆಯಿರಿ. ಐದು ವರ್ಷ ಆದಮೇಲೆ ಹುಡುಕೋದು ಕಷ್ಟ.

ಆಪರೇಷನ್‌ಗೆ ಮುಂಚಿನ ರಿಪೋರ್ಟನ್ನೂ ಅಲ್ಲೇ ಅಂಟಿಸಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಬಿ12, ವಿಟಮಿನ್ ಡಿ ಮೊದಲೇ ಕಮ್ಮಿ ಇರುತ್ತದೆ. ಆಗ ಆಪರೇಷನ್ ಮೇಲೆ ತಪ್ಪು ಹೊರಿಸುವ ಮೊದಲು ಎಲ್ಲಿಂದ ಶುರುವಾಯಿತು ಅಂತ ಗೊತ್ತಿರಬೇಕು, ಅಲ್ವಾ?

ರಿಪೋರ್ಟಿಗೆ ಕಾಯಬಾರದ ಒಂದೇ ಒಂದು ಕೊರತೆ

ಬೇರೆ ಕೊರತೆಗಳು ನಿಧಾನಕ್ಕೆ ಬರುತ್ತವೆ. ಥಯಮಿನ್, ಅಂದರೆ ಬಿ1, ಹಾಗಲ್ಲ. ದೇಹದಲ್ಲಿ ಇದರ ದಾಸ್ತಾನು ಎರಡು ಮೂರು ವಾರಕ್ಕೆ ಮಾತ್ರ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಊಟ ಹೇಗೂ ಕಮ್ಮಿ. ಅದರ ಮೇಲೆ ದಿನಾ ವಾಂತಿ ಶುರುವಾದರೆ ದಾಸ್ತಾನು ಬರಿದಾಗುತ್ತದೆ. ನಡೆಯುವಾಗ ತೂರಾಡುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತಿನಲ್ಲಿ ಗೊಂದಲ, ಮರೆವು ಬಂದರೆ ಮಿದುಳಿಗೆ ಪೆಟ್ಟು ಬೀಳುತ್ತಿದೆ ಅಂತ ಅರ್ಥ. ಎಲ್ಲ ಲಕ್ಷಣ ಒಟ್ಟಿಗೆ ಬರಲಿ ಅಂತ ಕಾಯಬೇಡಿ.

ಇಲ್ಲಿ ಆಗುವ ಅನಾಹುತ ಒಂದಿದೆ. ವಾಂತಿ ಅಂತ ಹತ್ತಿರದ ಕ್ಲಿನಿಕ್‌ಗೆ ಹೋಗುತ್ತಾರೆ, ಸುಸ್ತಿಗೆ ಗ್ಲೂಕೋಸ್ ಡ್ರಿಪ್ ಹಾಕುತ್ತಾರೆ. ಗ್ಲೂಕೋಸ್ ಬಳಸಿಕೊಳ್ಳೋಕೆ ದೇಹಕ್ಕೆ ಥಯಮಿನ್ ಬೇಕು. ಉಳಿದಿದ್ದ ಸ್ವಲ್ಪವೂ ಅದಕ್ಕೇ ಖರ್ಚಾಗಿ ಸ್ಥಿತಿ ಕೆಡಬಹುದು. ಆದ್ದರಿಂದ ನೋಟ್‌ಬುಕ್ಕಿನ ರಟ್ಟಿನ ಒಳಗೆ, ಪರ್ಸಿನಲ್ಲಿ, ಮನೆಯವರ ಫೋನಿನಲ್ಲಿ ಈ ಸಾಲು ಇರಲಿ: "ಬೇರಿಯಾಟ್ರಿಕ್ ಸರ್ಜರಿ ಆಗಿದೆ. ವಾಂತಿ ಇದ್ದರೆ ಗ್ಲೂಕೋಸ್‌ಗೆ ಮೊದಲು ಥಯಮಿನ್ ಇಂಜೆಕ್ಷನ್ ಕೊಡಿ." ಥಯಮಿನ್ ರಕ್ತ ಪರೀಕ್ಷೆ ಇದೆ. ಆದರೆ ಫಲಿತಾಂಶಕ್ಕೆ ದಿನಗಟ್ಟಲೆ ಹಿಡಿಯಬಹುದು. ಸ್ಯಾಂಪಲ್ ತೆಗೆದುಕೊಳ್ಳಲಿ, ಚಿಕಿತ್ಸೆ ಮಾತ್ರ ಆ ಕ್ಷಣವೇ ಶುರುವಾಗಬೇಕು. ಪುಸ್ತಕದಲ್ಲಿ ಬರೆಯಬೇಕಾದದ್ದು ವಾಂತಿ ಎಷ್ಟು ದಿನದಿಂದ, ಥಯಮಿನ್ ಎಷ್ಟು ಗಂಟೆಗೆ ಕೊಟ್ಟರು, ಡ್ರಿಪ್‌ಗೆ ಮೊದಲಾ ಆಮೇಲಾ.

ರಕ್ತ ಕೊಡುವ ಮುಂಚಿನ ವಾರ

ತೊಂದರೆ ಏನೂ ಇಲ್ಲದಿದ್ದರೂ ಮೊದಲ ವರ್ಷ 3, 6, 12ನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ. ಎಲ್ಲಿಯವರೆಗೆ ಅಂದರೆ ಜೀವನಪೂರ್ತಿ. ದಾಟಿಸಿದ ಕರುಳು ಹತ್ತು ವರ್ಷ ಆದರೂ ದಾಟಿಸಿದ ಹಾಗೆಯೇ ಇರುತ್ತದೆ.

ರಕ್ತ ಕೊಡುವ ದಿನ ನಿಗದಿಯಾದ ಮೇಲೆ ನಾಲ್ಕು ವಿಷಯ ನೋಡಿಕೊಳ್ಳಬೇಕು. ಬಿ12 ಇಂಜೆಕ್ಷನ್ ಕೊನೆಗೆ ಯಾವತ್ತು ತಗೊಂಡಿರಿ? ಹೋದ ವಾರ ಚುಚ್ಚಿಸಿಕೊಂಡು ಈ ವಾರ ಅಳೆದರೆ ಇಂಜೆಕ್ಷನ್ನನ್ನೇ ಅಳೆದ ಹಾಗೆ. ಜ್ವರ, ನೆಗಡಿ, ಎಲ್ಲಾದರೂ ಕೀವು ಇದೆಯಾ? ಮೈಯಲ್ಲಿ ಉರಿಯೂತ ಇದ್ದರೆ ಫೆರಿಟಿನ್ ಸುಮ್ನೆ ಮೇಲೇರುತ್ತದೆ, ಕಬ್ಬಿಣ ಚೆನ್ನಾಗಿದೆ ಅನ್ನಿಸುತ್ತದೆ. ಅದಕ್ಕೇ ಫೆರಿಟಿನ್ ಜೊತೆ ಉರಿಯೂತ ತೋರಿಸುವ ಸಿಆರ್‌ಪಿ ಕೂಡ ಮಾಡಿಸುವುದು. ಆಗುವುದಾದರೆ ನೆಗಡಿ ವಾಸಿಯಾಗಿ ಎರಡು ವಾರ ಕಳೆಯಲಿ. ಮೂರನೆಯದು, ಸಾಧ್ಯವಾದಷ್ಟು ಅದೇ ಲ್ಯಾಬ್‌ಗೆ ಹೋಗಿ.

ನಾಲ್ಕನೆಯದು ಬಯೋಟಿನ್, ಕೂದಲಿಗೆ ಅಂತ ಮಾರುವ ಒಂದು ಬಿ ವಿಟಮಿನ್. ನಮ್ಮ ಹೆಣ್ಣುಮಗಳ ಡಬ್ಬಿಯಲ್ಲಿ ಸಿಕ್ಕಿದ್ದು ಇದೇ.

ಆಪರೇಷನ್ ಆದ ಮೂರರಿಂದ ಆರು ತಿಂಗಳಲ್ಲಿ ಕೂದಲು ಜಾಸ್ತಿ ಉದುರುತ್ತದೆ. ತೂಕ ಬೇಗ ಇಳಿದದ್ದಕ್ಕೆ ದೇಹ ಕೊಡುವ ಪ್ರತಿಕ್ರಿಯೆ ಅದು, ಹೆಚ್ಚಿನವರಲ್ಲಿ ತಾನಾಗಿ ನಿಲ್ಲುತ್ತದೆ. ಆದರೆ ಬಾಚಣಿಗೆ ತುಂಬ ಕೂದಲು ನೋಡಿ ಸುಮ್ಮನಿರೋದು ಯಾರಿಗಾದರೂ ಕಷ್ಟ. ಮೆಡಿಕಲ್ ಶಾಪಿನಿಂದ 10 ಮಿಲಿಗ್ರಾಂ ಬಯೋಟಿನ್ ತಂದು ತಿನ್ನುತ್ತಾರೆ. ದಿನಕ್ಕೆ ಬೇಕಾಗಿರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ. ಅನೇಕ ಲ್ಯಾಬ್ ಯಂತ್ರಗಳ ಪರೀಕ್ಷೆಯೊಳಗೇ ಬಯೋಟಿನ್ ಒಂದು ಅಂಟಿನ ಹಾಗೆ ಕೆಲಸ ಮಾಡುತ್ತಿರುತ್ತದೆ. ರಕ್ತದಲ್ಲೂ ಅದೇ ತುಂಬಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಅಂಥ ಯಂತ್ರಗಳಲ್ಲಿ ಬಿ12 ಮತ್ತು ವಿಟಮಿನ್ ಡಿ ಇರುವುದಕ್ಕಿಂತ ಜಾಸ್ತಿ ಕಾಣುತ್ತವೆ. ಪಿಟಿಎಚ್, ಫೆರಿಟಿನ್ ಕಮ್ಮಿ ಕಾಣುತ್ತವೆ. ಎಲ್ಲ ಯಂತ್ರಕ್ಕೂ ಈ ತೊಂದರೆ ಇಲ್ಲ. ಆದರೂ ಲ್ಯಾಬ್‌ನಲ್ಲಿ ಕೇಳಿ, ಕನಿಷ್ಠ ಮೂರು ದಿನ ನಿಲ್ಲಿಸಿ ರಕ್ತ ಕೊಡುವುದು ಕ್ಷೇಮ. ತುಂಬಾ ದಿನದಿಂದ ದೊಡ್ಡ ಡೋಸ್ ತಿಂದವರು ಒಂದು ವಾರ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಇವರು ಬಯೋಟಿನ್ ಒಂದು ವಾರ ನಿಲ್ಲಿಸಿ ಮತ್ತೆ ರಕ್ತ ಕೊಟ್ಟರು. ಬಿ12 430 ಇದ್ದದ್ದು 162. ವಿಟಮಿನ್ ಡಿ 33 ಇದ್ದದ್ದು 14. ಪಿಟಿಎಚ್ 52 ಇದ್ದದ್ದು 121. ಫೆರಿಟಿನ್ 8, ಅಂದರೆ ಕಬ್ಬಿಣದ ಕೊರತೆ ಮಾತ್ರ ಮೊದಲೂ ನಿಜ, ಈಗಲೂ ನಿಜ.

ನಂಬರುಗಳನ್ನು ಓದುವುದು

ಡಾಕ್ಟರು ಬರೆಯುವ ಪಟ್ಟಿಯಲ್ಲಿ ಸಾಮಾನ್ಯವಾಗಿ ರಕ್ತ ಕಣಗಳ ಎಣಿಕೆ, ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಅಲ್ಬುಮಿನ್, ಪಿಟಿಎಚ್, ಲಿವರ್ ಮತ್ತು ಕಿಡ್ನಿ ಪರೀಕ್ಷೆ ಇರುತ್ತವೆ. ಬೈಪಾಸ್ ಆದವರಿಗೆ ಜಿಂಕ್, ತಾಮ್ರ, ವಿಟಮಿನ್ ಎ ಕೂಡ ಸೇರುತ್ತವೆ. ಎಲ್ಲದರ ಬಗ್ಗೆ ಹೇಳೋಕೆ ಹೋಗುವುದಿಲ್ಲ. ಮೂರು ಮಾತ್ರ ನೋಡೋಣ.

ಕಬ್ಬಿಣದಿಂದ ಶುರು ಮಾಡೋಣ. ಹಿಮೋಗ್ಲೋಬಿನ್ ಇಳಿಯುವುದು ಕೊನೆಗೆ, ಫೆರಿಟಿನ್ ಇಳಿಯುವುದು ಮೊದಲು. ಉಗ್ರಾಣ ಖಾಲಿಯಾದ ಮೇಲೆ ತಾನೇ ಅಡುಗೆಮನೆಗೆ ಬರ ಬರುವುದು? ಇವರ ರಿಪೋರ್ಟಿನಲ್ಲಿ ಒಂದು ಸೋಜಿಗ ಇತ್ತು. ಕಬ್ಬಿಣ ಕಮ್ಮಿಯಾದರೆ ಕೆಂಪು ಕಣ ಸಣ್ಣದಾಗುತ್ತದೆ, ಕಣದ ಸರಾಸರಿ ಗಾತ್ರ ಹೇಳುವ ಎಂಸಿವಿ ಇಳಿಯಬೇಕು. ಇವರದ್ದು 86, ಸರಿಯಾಗೇ ಇತ್ತು. ಯಾಕೆಂದರೆ ಬಿ12 ಕಮ್ಮಿಯಾದರೆ ಕಣ ದೊಡ್ಡದಾಗುತ್ತದೆ. ಸಣ್ಣದೂ ದೊಡ್ಡದೂ ಬೆರೆತು ಸರಾಸರಿ ಸರಿಯಾಗಿ ಕಂಡಿತು. ಗುಟ್ಟು ಬಿಟ್ಟುಕೊಟ್ಟಿದ್ದು ಪಕ್ಕದ ಸಾಲಿನ ಆರ್‌ಡಿಡಬ್ಲ್ಯೂ. ಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಅಂತ ಅದು ಹೇಳುತ್ತದೆ. 19.5 ಇತ್ತು. ಹಿಮೋಗ್ಲೋಬಿನ್ ಕಮ್ಮಿ, ಎಂಸಿವಿ ಸರಿ, ಆರ್‌ಡಿಡಬ್ಲ್ಯೂ ಜಾಸ್ತಿ ಅಂದರೆ ಎರಡು ಕೊರತೆ ಒಟ್ಟಿಗೆ ಇರಬಹುದು ಅಂತ ಅನುಮಾನಪಡಬೇಕು.

ಮುಟ್ಟಾಗುವ ಹೆಂಗಸರಿಗೆ, ಬೈಪಾಸ್ ಆದವರಿಗೆ ದಿನಕ್ಕೆ 45ರಿಂದ 60 ಮಿಲಿಗ್ರಾಂ ಕಬ್ಬಿಣ ಬೇಕು. ಇವರು ತಿನ್ನುತ್ತಿದ್ದರು, ಬೆಳಿಗ್ಗೆ ಕಾಫಿ ಜೊತೆ, ಕ್ಯಾಲ್ಸಿಯಂ ಮಾತ್ರೆಯನ್ನೂ ಸೇರಿಸಿ. ಕ್ಯಾಲ್ಸಿಯಂ ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ, ಕಾಫಿಯೂ ಬಿಡುವುದಿಲ್ಲ. ಎರಡು ಮಾತ್ರೆಗಳ ನಡುವೆ ಎರಡು ಗಂಟೆಯಾದರೂ ಇರಬೇಕು. ಮುಟ್ಟಿನಲ್ಲಿ ಎಷ್ಟು ಹೋಗುತ್ತದೆ, ಮಲ ಕಪ್ಪಗಿದೆಯಾ, ನೋವಿನ ಮಾತ್ರೆ ತಿನ್ನುತ್ತೀರಾ ಅಂತಲೂ ಕೇಳಲೇಬೇಕು. ಬೈಪಾಸ್ ಹೊಲಿಗೆಯ ಹತ್ತಿರ ಹುಣ್ಣಾಗಿ ರಕ್ತ ಸೋರುತ್ತಿದ್ದರೆ ಎಷ್ಟು ಕಬ್ಬಿಣ ಸುರಿದರೂ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಒಂದು ಎಚ್ಚರಿಕೆ: ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಡಾಂಬರಿನ ಹಾಗೆ ಅಂಟಂಟು, ವಿಪರೀತ ವಾಸನೆ ಇದ್ದರೆ ಅದು ಬೇರೆ, ತಕ್ಷಣ ತೋರಿಸಿ.

ಬಿ12ಗೆ ಬರೋಣ. ಊಟದಿಂದ ಅದನ್ನು ಬಿಡಿಸೋಕೆ ಹೊಟ್ಟೆಯ ಆಮ್ಲ ಬೇಕು, ಹೀರಿಕೊಳ್ಳೋಕೆ ಹೊಟ್ಟೆಯಲ್ಲೇ ತಯಾರಾಗುವ ಇನ್ನೊಂದು ಪದಾರ್ಥ ಬೇಕು. ಆಪರೇಷನ್ ಎರಡನ್ನೂ ಕಮ್ಮಿ ಮಾಡುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ, ಶುಗರ್‌ಗೆ ಮೆಟ್‌ಫಾರ್ಮಿನ್ ತಿನ್ನುತ್ತಿದ್ದರೆ ಇನ್ನೂ ಕಮ್ಮಿ. ನಮ್ಮ ಸಸ್ಯಾಹಾರಿ ಊಟದಲ್ಲಿ ಬಿ12 ಇರುವುದು ಹಾಲು, ಮೊಸರಿನಲ್ಲಿ ಮಾತ್ರ ಅಂತಲೇ ಇಟ್ಟುಕೊಳ್ಳಿ. 200ಕ್ಕಿಂತ ಕೆಳಗೆ ಕೊರತೆ. 200ರಿಂದ 400 ಅನುಮಾನದ ಜಾಗ. ಅಲ್ಲಿ ಜೋಮು, ಉರಿ, ತೂರಾಟ ಇದ್ದರೆ ಎಂಎಂಎ ಅನ್ನುವ ಇನ್ನೊಂದು ಪರೀಕ್ಷೆ ಸಹಾಯ ಮಾಡುತ್ತದೆ. ಕೊರತೆ ಇರುವಾಗ ಬರೀ ಫೋಲಿಕ್ ಆಸಿಡ್ ತಿಂದರೆ ರಕ್ತ ಸುಧಾರಿಸಿದ ಹಾಗೆ ಕಾಣುತ್ತದೆ, ನರದ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.

ಮೂರನೆಯದು ಕ್ಯಾಲ್ಸಿಯಂ. ಇಲ್ಲಿ ಜನ ಮೋಸ ಹೋಗುವುದು ಜಾಸ್ತಿ, ಯಾಕೆಂದರೆ ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿ ಸರಿಯಾಗೇ ಕಾಣುತ್ತದೆ. ಇವರದ್ದೂ 8.9. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದಂತೆ ಕಾಯುವ ಹಾರ್ಮೋನು ಪಿಟಿಎಚ್. ಕರುಳಿನಿಂದ ಬರದಿದ್ದರೆ ಅದು ಮೂಳೆಯಿಂದ ಕಿತ್ತು ತರುತ್ತದೆ. ಹಾಗಾಗಿ ಕ್ಯಾಲ್ಸಿಯಂ ಸರಿ, ಪಿಟಿಎಚ್ ಜಾಸ್ತಿ ಅಂದರೆ ಮನೆ ಗೋಡೆ ಒಡೆದು ಇಟ್ಟಿಗೆ ಮಾರಿ ಊಟ ಮಾಡಿದ ಹಾಗೆ. ಮೊದಲ ರಿಪೋರ್ಟಿನಲ್ಲೂ ಒಂದು ಸುಳಿವು ಇತ್ತು. ಲಿವರ್, ಮೂಳೆ ಎರಡರಿಂದಲೂ ಬರುವ ಆಲ್ಕಲೈನ್ ಫಾಸ್ಫಟೇಸ್ ಲ್ಯಾಬ್ ಮಿತಿಗಿಂತ ಜಾಸ್ತಿ, ಆದರೆ ಲಿವರಿನ ಉಳಿದ ನಂಬರೆಲ್ಲ ಸರಿ. ಅಂಥಾಗ ಮೂಳೆ ಕಡೆ ನೋಡಬೇಕು.

ಸ್ಲೀವ್, ಬೈಪಾಸ್ ಎರಡಕ್ಕೂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ ಹೇಳುತ್ತಾರೆ, ಒಂದು ಸಲಕ್ಕೆ 500-600ಕ್ಕಿಂತ ಜಾಸ್ತಿ ಬೇಡ. "ದಿನಾ ರಾಗಿ ತಿಂತೀನಲ್ಲ, ಮತ್ಯಾಕೆ ಮಾತ್ರೆ?" ಅಂತ ಇವರೂ ಕೇಳಿದರು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ನಿಜ. ಆದರೆ ಈಗ ಅವರ ಹೊಟ್ಟೆಗೆ ಹಿಡಿಸುವುದು ನಿಂಬೆಹಣ್ಣಿನ ಗಾತ್ರದ ಮುದ್ದೆ. ಅದರಲ್ಲಿ ಮೂವತ್ತು ಗ್ರಾಂ ಹಿಟ್ಟು, ಅಂದರೆ ನೂರರ ಹತ್ತಿರ ಕ್ಯಾಲ್ಸಿಯಂ. ಅದೂ ಪೂರ್ತಿ ಹೀರಿಕೆಯಾಗುವುದಿಲ್ಲ. ಮಾತ್ರೆ ಕೊಳ್ಳುವಾಗಲೂ ಲೇಬಲ್ ಓದಿ. ಕ್ಯಾಲ್ಸಿಯಂ ಸಿಟ್ರೇಟ್ 1000 ಮಿಲಿಗ್ರಾಂ ಅಂದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 210ರಷ್ಟು ಮಾತ್ರ. ಕಾರ್ಬೊನೇಟ್ ಆದರೆ 400, ಆದರೆ ಅದಕ್ಕೆ ಆಮ್ಲ ಬೇಕು. ಆಪರೇಷನ್ ಆದವರಿಗೆ ಸಿಟ್ರೇಟೇ ವಾಸಿ ಅನ್ನುವುದು ಇದಕ್ಕೇ.

ಬರೆಯುವ ರೀತಿ

ಹಳೇ ಫೈಲುಗಳಲ್ಲಿ ನಾನು ಜಾಸ್ತಿ ನೋಡುವ ಸಾಲು "ಬಿ12 ಲೋ, ಮಾತ್ರೆ ಕೊಟ್ಟಿದೆ". ಎಷ್ಟು ಲೋ? ಯಾವ ಮಾತ್ರೆ? ಮತ್ತೆ ಯಾವಾಗ ನೋಡಬೇಕು? ಮುಂದಿನ ಸಲ ನೋಡುವ ಡಾಕ್ಟರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಪ್ರತಿ ಕೊರತೆಗೂ ಒಂದು ಪುಟ ಕೊಡಿ. ಇವರ ಬಿ12 ಪುಟ ಹೀಗಿತ್ತು:

ತಾರೀಕು, ಹೊತ್ತು: 12 ಮಾರ್ಚ್, ಬೆಳಿಗ್ಗೆ 8.
ಫಲಿತಾಂಶ: 162 pg/mL, ಲ್ಯಾಬಿನ ಮಿತಿ ಪಕ್ಕದಲ್ಲಿ.
ಆಗ ತಿನ್ನುತ್ತಿದ್ದದ್ದು: ಮಲ್ಟಿವಿಟಮಿನ್, ವಾರಕ್ಕೆ ಮೂರು ನಾಲ್ಕು ದಿನ ಮಾತ್ರ. ಬಿ12 ಇಂಜೆಕ್ಷನ್ ಆರು ತಿಂಗಳಿಂದ ಇಲ್ಲ. ಬಯೋಟಿನ್ ನಿಲ್ಲಿಸಿ 7 ದಿನ.
ಲಕ್ಷಣ: ಎರಡೂ ಪಾದ ಜೋಮು, ಎರಡು ತಿಂಗಳಿಂದ. ಕಣ್ಣು ಮುಚ್ಚಿ ನಿಂತರೆ ಓಲಾಟ.
ಕೊರತೆ: ಇದೆ, ನರದ ಲಕ್ಷಣದ ಜೊತೆ. ಹಿಂದಿನ 430 ಬಯೋಟಿನ್‌ನಿಂದ ಬಂದ ತಪ್ಪು ಲೆಕ್ಕ ಅಂತ ಅನುಮಾನ, ಲೆಕ್ಕಕ್ಕೆ ಹಿಡಿಯಬೇಡಿ.
ಚಿಕಿತ್ಸೆ: ಇಂಜೆಕ್ಷನ್ ದಿನ ಬಿಟ್ಟು ದಿನ, ಶುರು 14 ಮಾರ್ಚ್.
ಮತ್ತೆ ನೋಡುವುದು: ಲಕ್ಷಣ ನಾಲ್ಕು ವಾರಕ್ಕೆ. ರಕ್ತದ ಎಣಿಕೆ ಎಂಟು ವಾರಕ್ಕೆ.

ಮೂರನೇ ಸಾಲು ನೋಡಿ. "ಬರೆದುಕೊಟ್ಟದ್ದು" ಅಂತ ಇಲ್ಲ, "ತಿನ್ನುತ್ತಿದ್ದದ್ದು" ಅಂತ ಇದೆ. ನಿಜ ಬರೆಯಿರಿ, ಬೈಯುವವರು ಯಾರೂ ಇಲ್ಲ. ವಾರಕ್ಕೆ ಮೂರು ದಿನ ತಿಂದು ದಿನಾ ತಿಂದೆ ಅಂತ ಬರೆದರೆ ಡಾಕ್ಟರು ಮಾತ್ರೆ ಹಿಡಿಸುತ್ತಿಲ್ಲ ಅಂದುಕೊಂಡು ಸುಮ್ನೆ ಡೋಸ್ ಏರಿಸುತ್ತಾರೆ. ಇನ್ನು ತಪ್ಪು ಅಂತ ಗೊತ್ತಾದ ಹಳೇ ನಂಬರನ್ನು ಹೊಡೆದು ಹಾಕಬೇಡಿ. ಪಕ್ಕದಲ್ಲಿ ಕಾರಣ ಬರೆಯಿರಿ. ಇಲ್ಲದಿದ್ದರೆ ಮುಂದೆ ಯಾರೋ ಹಳೇ ರಿಪೋರ್ಟು ನೋಡಿ "ಮಾರ್ಚ್‌ನಲ್ಲಿ ಚೆನ್ನಾಗಿತ್ತಲ್ಲ" ಅನ್ನುತ್ತಾರೆ.

ಯೂನಿಟ್ ಬಿಡಬೇಡಿ. ಹೊರದೇಶದಲ್ಲಿ ಮಗನ ಮನೆಗೆ ಹೋಗಿ ಅಲ್ಲಿ ಪರೀಕ್ಷೆ ಮಾಡಿಸಿದವರ ಬಿ12 pmol/L ಲೆಕ್ಕದಲ್ಲಿ ಬರಬಹುದು. ನಮ್ಮ 200 pg/mL ಅಲ್ಲಿ 148ರ ಹತ್ತಿರ. ವಿಟಮಿನ್ ಡಿ ಉಲ್ಟಾ, ನಮ್ಮ 30 ng/mL ಅಲ್ಲಿ 75 nmol/L. ಬರೀ "75" ಅಂತ ಬರೆದಿಟ್ಟರೆ ಅದು ಧಾರಾಳವೋ ಗಡಿಯಲ್ಲಿದೆಯೋ ಗೊತ್ತಾಗುವುದಿಲ್ಲ.

ಇವರಿಗೆ ಕಬ್ಬಿಣವನ್ನು ರಕ್ತನಾಳದ ಮೂಲಕ ಕೊಟ್ಟರು. ಅದಾದ ಮೇಲೆ ಕೆಲವು ವಾರ ಫೆರಿಟಿನ್ ಆಕಾಶಕ್ಕೆ ಏರಿರುತ್ತದೆ, ನೋಡಿ ಉಪಯೋಗವಿಲ್ಲ. ಆದ್ದರಿಂದ ಪುಟದಲ್ಲಿ "ಹಿಮೋಗ್ಲೋಬಿನ್ ನಾಲ್ಕು ವಾರಕ್ಕೆ, ಫೆರಿಟಿನ್ ಎಂಟು ವಾರ ಆದಮೇಲೆ" ಅಂತ ಬೇರೆ ಬೇರೆ ಬರೆದೆವು. ವಿಟಮಿನ್ ಡಿ ವಾರಕ್ಕೆ 60,000 ಯೂನಿಟ್, ಎಂಟು ವಾರ. ಆಮೇಲೆ ದಿನದ ಡೋಸು. ಪಿಟಿಎಚ್ ಮೂರು ತಿಂಗಳಿಗೆ. ಈ ಡೋಸುಗಳು ಅವರ ಡಾಕ್ಟರು ಅವರನ್ನು ನೋಡಿ ಬರೆದದ್ದು, ನಿಮ್ಮದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಮೂರು ತಿಂಗಳಿಗೆ ಹಿಮೋಗ್ಲೋಬಿನ್ 12.1 ಆಯಿತು, ಪಿಟಿಎಚ್ 68ಕ್ಕೆ ಇಳಿಯಿತು, ಬಲಗಾಲು ಸರಿಯಾಯಿತು. ಎಡಗಾಲಿನ ಬೆರಳುಗಳಲ್ಲಿ ಮಾತ್ರ ಜೋಮು ಉಳಿದಿತ್ತು. ನರ ಸುಧಾರಿಸೋಕೆ ಇನ್ನೂ ತಿಂಗಳುಗಳು ಬೇಕಾಗಬಹುದು, ಪೂರ್ತಿ ಹೋಗದೆಯೂ ಇರಬಹುದು. ಆದರೆ ಡಬ್ಬಿಯನ್ನು ಇನ್ನೊಮ್ಮೆ ತಿರುವಿ ನೋಡಿದಾಗ ಕೂದಲಿಗೇ ಅಂತ ತಂದ ಇನ್ನೊಂದು ಮಾತ್ರೆ ಸ್ಟ್ರಿಪ್ ಸಿಕ್ಕಿತು. ಜಿಂಕ್, ದಿನಕ್ಕೆ 50 ಮಿಲಿಗ್ರಾಂ, ತಾಮ್ರ ಇಲ್ಲದ್ದು. ಜಿಂಕ್ ಜಾಸ್ತಿಯಾದರೆ ತಾಮ್ರವನ್ನು ಒಳಗೆ ಬಿಡುವುದಿಲ್ಲ. ತಾಮ್ರದ ಕೊರತೆ ಬಿ12 ಕೊರತೆಯ ಥರವೇ ಕಾಲಿನ ನರ ಹಿಡಿಯುತ್ತದೆ, ರಕ್ತಹೀನತೆ ತರುತ್ತದೆ, ಬಿಳಿ ರಕ್ತಕಣ ಇಳಿಸುತ್ತದೆ. ಇವರ ಬಿಳಿ ಕಣ ಸರಿಯಾಗಿದ್ದವು. ಡಾಕ್ಟರಿಗೆ ಹೇಳಿದೆವು. ಜಿಂಕ್ ನಿಲ್ಲಿಸಿದರು, ಮುಂದಿನ ಸಲದ ಪಟ್ಟಿಗೆ ತಾಮ್ರ ಸೇರಿಸಿದರು. ಬಿ12 ಪುಟದ ಕೊನೆಗೆ ಅವರೇ ಬರೆದುಕೊಂಡರು: "ಎಡ ಬೆರಳು ಇನ್ನೂ ಜೋಮು. ತಾಮ್ರ ನೋಡಬೇಕು. ಡಬ್ಬಿ ಪೂರ್ತಿ ತರುವುದು."